ಶಾಲೆ ಶೂಗೆ ಜಾಹೀರಾತು ಬರೆಯಬೇಕು: "ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ತಗೊಳ್ಳಿ" ಅಂತ ಹಾಕಬಹುದಾ?

ಬೆಣ್ಣೆನಗರಿ ಶೂ ಅಂಗಡಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಚಪ್ಪಲಿ ಅಂಗಡಿ ಇದೆ. ತಂದೆಯ ಕಾಲದ್ದು. ಜೂನ್‌ನಲ್ಲಿ ಶಾಲೆ ಶುರು. ಮೇ ಕೊನೆಯ ಹತ್ತು ದಿನ ನಮಗೆ ವರ್ಷದ ಅರ್ಧ ವ್ಯಾಪಾರ. ಈ ಸಲ ವಾಟ್ಸಾಪ್ ಕ್ಯಾಟಲಾಗ್‌ನಲ್ಲೂ ಶೂ ಹಾಕುತ್ತಿದ್ದೇನೆ. ಪಕ್ಕದ ಹಳ್ಳಿಗಳಿಂದ ಆರ್ಡರ್ ಬರುತ್ತದೆ, ಬಸ್ಸಿಗೆ ಹಾಕಿ ಕಳಿಸುತ್ತೇವೆ.

ಎರಡು ಮಾಡೆಲ್ ಇದೆ. ಎರಡೂ ಕಪ್ಪು ಲೇಸ್ ಶೂ. ಒಂದು 399 ರೂಪಾಯಿ, ಇನ್ನೊಂದು 549. ನಾನು ಬರೆದಿರುವುದು ಹೀಗಿದೆ:

"ಅತ್ಯುತ್ತಮ ಗುಣಮಟ್ಟದ ಶಾಲಾ ಶೂ. ದೀರ್ಘ ಬಾಳಿಕೆ. ಸೈಡ್ ಹೊಲಿಗೆ. ಸೋಲ್ ಬಿಡುವುದಿಲ್ಲ, 100% ಗ್ಯಾರಂಟಿ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದು ಆರಿಸಿ, ವರ್ಷಪೂರ್ತಿ ನಿಶ್ಚಿಂತೆ!"

ಮಗಳಿಗೆ ತೋರಿಸಿದೆ. "ಎಲ್ಲ ಅಂಗಡಿಯವರೂ ಇದನ್ನೇ ಬರೀತಾರೆ ಅಪ್ಪಾ" ಅಂದಳು. ನಮ್ಮಲ್ಲಿಗೆ ಬರುವವರು ದುಡ್ಡು ಎಣಿಸಿ ಕೊಡುವ ಜನ. ಅವರಿಗೆ ನಾಟುವ ಹಾಗೆ ಹೇಗೆ ಬರೆಯಲಿ? ದಯವಿಟ್ಟು ಹೇಳಿ.

ಜಾಹೀರಾತು ಗಿರಿ

ಸರ್, ನಾನು ಇಂಥದ್ದನ್ನೇ ಬರೆದು ಬದುಕುವವನು. ನಿಮ್ಮ ಮಗಳು ಹೇಳಿದ್ದು ಸರಿ. "ಅತ್ಯುತ್ತಮ ಗುಣಮಟ್ಟ" ಅನ್ನುವ ಮಾತನ್ನು ಯಾರೂ ಓದುವುದಿಲ್ಲ, ಕಣ್ಣು ದಾಟಿ ಹೋಗುತ್ತದೆ. ಅಪ್ಪ ಅಮ್ಮನ ಮನಸ್ಸು ಮುಟ್ಟಬೇಕು. "ಅವಳ ಕನಸು ದೊಡ್ಡದು, ಹೆಜ್ಜೆ ಗಟ್ಟಿಯಾಗಿರಲಿ" ಅಂತ ಒಂದು ಸಾಲು, ಕೆಳಗೆ ಶಾಲೆಗೆ ಓಡುತ್ತಿರುವ ಮಗುವಿನ ಫೋಟೋ. ಬೆಲೆ ದೊಡ್ಡದಾಗಿ ಹಾಕಿ. ಅಷ್ಟು ಸಾಕು. ವಿವರ ಜಾಸ್ತಿ ಆದಷ್ಟೂ ಓದುವವರು ಕಮ್ಮಿ.

ಹಾಸನದ ಅಮ್ಮ

ಗಿರಿ ಅವರೇ, ನಾನು ಮನೆಯಲ್ಲಿ ಟೈಲರಿಂಗ್ ಮಾಡುತ್ತೇನೆ. ಇಬ್ಬರು ಮಕ್ಕಳು. ಮೇ ತಿಂಗಳಲ್ಲಿ ಶೂ ಫೋಟೋ ನೋಡುವಾಗ ನನಗೆ ಕನಸು ಗಿನಸು ನೆನಪಾಗುವುದಿಲ್ಲ. ಆ ಹೊತ್ತಿಗೆ ಪುಸ್ತಕ, ಬ್ಯಾಗು, ಯೂನಿಫಾರ್ಮ್ ಬಟ್ಟೆ, ಫೀಸಿನ ಮೊದಲ ಕಂತು ಎಲ್ಲ ತೆತ್ತು ಕೈ ಬರಿದಾಗಿರುತ್ತದೆ. ನನಗೆ ಬೇಕಾದ್ದು ಒಂದೇ ಮಾತು: ಇದು ಎಷ್ಟು ತಿಂಗಳು ಬರುತ್ತೆ?

ಕಳೆದ ವರ್ಷ ಏನಾಯಿತು ಹೇಳುತ್ತೇನೆ. ಮಗ ಆಗ 3ನೇ ಕ್ಲಾಸು. ಅಂಗಡಿಯಲ್ಲಿ 13ನೇ ಸೈಜ್ ಹಾಕಿಸಿದರು, ಸ್ವಲ್ಪ ಸಡಿಲ ಇತ್ತು. "ಬೆಳೆಯೋ ಹುಡುಗ, ಇನ್ನೊಂದು ಸೈಜ್ ಮೇಲೆ ಹೋಗೋಣ" ಅಂದರು. ನನಗೂ ಸರಿ ಅನ್ನಿಸಿತು, 13 ಆದ ಮೇಲೆ ಬರುವ 1ನೇ ಸೈಜ್ ತಂದೆವು. ಮುಂದೆ ಹತ್ತಿ ತುರುಕಿ ಹಾಕಿಸುತ್ತಿದ್ದೆ. ದಸರಾ ರಜೆ ಬರುವಷ್ಟರಲ್ಲಿ ನಡುವೆ ಅಡ್ಡಕ್ಕೆ ಸೀಳಿತು. ಎಡಗಾಲಿನದ್ದು ಮುಂದೆ ಬಾಯಿ ಬಿಟ್ಟಿತು. ಒಂದೂವರೆ ವರ್ಷ ಬರಲಿ ಅಂತ ತಂದದ್ದು ನಾಲ್ಕು ತಿಂಗಳೂ ನೆಟ್ಟಗೆ ಬರಲಿಲ್ಲ. ಆಮೇಲೆ ಇನ್ನೊಂದು ಜೊತೆ ತಂದೆ.

ಗದಗಿನ ಅಪ್ಪ

ನಮಸ್ಕಾರ ರೀ. ನನ್ನ ಮಗಳ ಪಾದ ಭಾಳ ಅಗಲ ಐತಿ. ಯಾವ ಶೂ ಹಾಕಿದ್ರೂ ಕಿರುಬೆರಳು ಬೊಕ್ಕಿ ಬರ್ತದ. 549ದ್ದು ಅಗಲ ಇರ್ತದೇನ್ರೀ? ಗದಗಿಗೆ ಕಳಸ್ತೀರೇನು?

ಬೆಣ್ಣೆನಗರಿ ಶೂ ಅಂಗಡಿ

ಕಳಿಸುತ್ತೇವೆ ಸರ್. ಅಗಲದ ವಿಷಯ ನೋಡಿ ಹೇಳುತ್ತೇನೆ. ಇಲ್ಲಿ ಈಗ ಬರಹದ ಚರ್ಚೆ ನಡೆಯುತ್ತಿದೆ, ತಪ್ಪು ತಿಳಿಯಬೇಡಿ.

ಕಟಿಂಗ್ ಟೇಬಲ್

ಬೆಂಗಳೂರಿನ ಶೂ ಕಾರ್ಖಾನೆಗಳಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಮೊದಲು ಕಟಿಂಗ್, ಆಮೇಲೆ ಪ್ಯಾಟರ್ನ್, ಕೊನೆಗೆ ಕ್ವಾಲಿಟಿ. ಹಾಸನದ ತಂಗಿ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ.

ತಾಯಿ, ಆ ಶೂ ಕಳಪೆ ಇದ್ದಿರಬಹುದು. ಆದರೆ ನಡುವೆ ಅಡ್ಡಕ್ಕೆ ಸೀಳಿತು ಅಂದಿರಲ್ಲ, ಅದು ದೊಡ್ಡ ಸೈಜ್ ಮಾಡುವ ಕೆಲಸ. ನಡೆಯುವಾಗ ಕಾಲು ಮಡಚುವುದು ಬೆರಳುಗಳ ಬುಡದಲ್ಲಿ. ಶೂ ಮಾಡುವ ಅಚ್ಚನ್ನೂ ಅದೇ ಜಾಗ ನೋಡಿಯೇ ಮಾಡಿರುತ್ತಾರೆ. ಅಲ್ಲಿ ಸೋಲ್ ಬಾಗುವ ಹಾಗಿರುತ್ತದೆ, ಮೇಲಿನ ರೆಕ್ಸಿನ್‌ಗೂ ಅಲ್ಲಿ ಮಡಿಕೆ ಬೀಳಲು ಜಾಗ ಇರುತ್ತದೆ. ಎರಡು ಸೈಜ್ ದೊಡ್ಡದು ಹಾಕಿದರೆ ಮಗುವಿನ ಬೆರಳ ಬುಡ ಶೂನಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಹಿಂದೆ ಬರುತ್ತದೆ. ಬಾಗಬಾರದ ಜಾಗದಲ್ಲಿ ದಿನಕ್ಕೆ ಸಾವಿರಾರು ಸಲ ಬಾಗುತ್ತದೆ. ರೆಕ್ಸಿನ್ ಮೇಲಿನ ಪದರ ಮೊದಲು ಬಿರುಕು ಬಿಡುತ್ತದೆ, ಆಮೇಲೆ ಒಳಗಿನ ಬಟ್ಟೆ ಹರಿಯುತ್ತದೆ.

ಮುಂದೆ ಬಾಯಿ ಬಿಟ್ಟದ್ದೂ ಅದಕ್ಕೇ. ಉದ್ದದ ಶೂ ಹಾಕಿದ ಮಗು ಕಾಲು ಎತ್ತಿ ನಡೆಯುವುದಿಲ್ಲ, ಎಳೆದುಕೊಂಡು ನಡೆಯುತ್ತದೆ. ತುದಿ ನೆಲಕ್ಕೆ ಉಜ್ಜುತ್ತದೆ, ಮೆಟ್ಟಿಲಿಗೆ ತಾಗುತ್ತದೆ. ಹಿಮ್ಮಡಿ ಒಳಗೆ ಜಾರಿ ಜಾರಿ ಹಿಂದಿನ ಲೈನಿಂಗ್ ಹರಿಯುತ್ತದೆ. ಹಳೆಯ ಶೂ ಇದ್ದರೆ ಒಳಗೆ ಕೈ ಹಾಕಿ ನೋಡಿ.

ಹಾಗಾಗಿ ಅಂಗಡಿ ಸರ್, "ಒಂದು ಸೈಜ್ ದೊಡ್ಡದು ಆರಿಸಿ" ಮತ್ತು "ದೀರ್ಘ ಬಾಳಿಕೆ" ಈ ಎರಡು ಮಾತು ಒಟ್ಟಿಗೆ ಇರಲು ಸಾಧ್ಯವಿಲ್ಲ. ಮೊದಲನೆಯದನ್ನು ಕೇಳಿದವರಿಗೆ ಎರಡನೆಯದು ಸಿಗುವುದಿಲ್ಲ.

ಇನ್ನೊಂದು. ಸೈಡ್ ಹೊಲಿಗೆ ಅಂತ ಬರೆದಿದ್ದೀರಿ. ಇನ್‌ಸೋಲ್ ಎತ್ತಿ ಒಳಗೆ ನೋಡಿದ್ದೀರಾ?

ಬೆಣ್ಣೆನಗರಿ ಶೂ ಅಂಗಡಿ

ಇಲ್ಲ ಸರ್. ಸೋಲ್ ಸುತ್ತ ದಾರ ಕಾಣುತ್ತದಲ್ಲ, ಅದಕ್ಕೇ ಬರೆದೆ. ನಾಳೆ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ನೋಡುತ್ತೇನೆ.

ಕೈತೂಕ

ಗಟ್ಟಿ ಶೂ ಯಾವುದು ಅಂತ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ತೂಕ ಇದ್ದದ್ದು ಬಾಳಿಕೆ ಬರುತ್ತದೆ. ನಮ್ಮ ಕಾಲದಲ್ಲಿ ಹಾಗೇ ಆರಿಸುತ್ತಿದ್ದೆವು. ತೂಕ ಎಷ್ಟು ಗ್ರಾಂ ಅಂತ ಬರೆಯಿರಿ.

ಕಟಿಂಗ್ ಟೇಬಲ್

ಅರ್ಧ ಒಪ್ಪುತ್ತೇನೆ. ಚರ್ಮದ ಕಾಲದಲ್ಲಿ ತೂಕ ಅಂದರೆ ದಪ್ಪ ಚರ್ಮ, ದಪ್ಪ ಅಟ್ಟೆ. ಈಗ ಈ ಬೆಲೆಯಲ್ಲಿ ತೂಕ ಅಂದರೆ ಹೆಚ್ಚಾಗಿ ಪಿವಿಸಿ ಸೋಲ್. ಪಿವಿಸಿ ಬೇಗ ಸವೆಯುವುದಿಲ್ಲ, ನಿಜ. ಆದರೆ ಭಾರ, ಮತ್ತು ಒದ್ದೆ ನೆಲದಲ್ಲಿ ಜಾರುತ್ತದೆ. ಪಿಯು ಸೋಲ್ ಹಗುರ, ಮೆತ್ತಗೆ, ಚೆನ್ನಾಗಿ ಬಾಗುತ್ತದೆ. ಅದರ ಕಾಯಿಲೆ ಬೇರೆ. ಗಾಳಿಯ ತೇವ ಅದನ್ನು ಒಳಗಿಂದ ತಿನ್ನುತ್ತದೆ. ಗೋಡೌನಿನಲ್ಲಿ ಮೂರು ನಾಲ್ಕು ವರ್ಷ ಕೂತ ಪಿಯು ಸೋಲ್ ಹೊಸದರ ಹಾಗೇ ಕಾಣುತ್ತದೆ, ಹಾಕಿಕೊಂಡು ನಾಲ್ಕು ದಿನ ನಡೆದರೆ ರಸ್ಕಿನ ಹಾಗೆ ಪುಡಿ ಪುಡಿ ಆಗುತ್ತದೆ. ಆದ್ದರಿಂದ ತೂಕಕ್ಕಿಂತ ತಯಾರಾದ ತಿಂಗಳು ಮುಖ್ಯ. ಡಬ್ಬದ ಮೇಲೆ ಅದು ಇರುತ್ತದೆ. ಹಳೇ ಸ್ಟಾಕ್ ಅಲ್ಲ ಅಂತ ಧೈರ್ಯವಾಗಿ ಹೇಳುವುದಾದರೆ ಆ ತಿಂಗಳನ್ನೇ ಫೋಟೋದಲ್ಲಿ ತೋರಿಸಿ.

ಆಗುಂಬೆ ಕಡೆ ಮೇಷ್ಟ್ರು

ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಶೂ ಮಾತೇ ಬೇಡ. ಅಂಟಿಸಿದ ಸೋಲ್ ಆಗಲಿ, ಹೊಲಿದದ್ದಾಗಲಿ, ಒಣಗಲು ಬಿಟ್ಟರೆ ತಾನೇ? ಮಕ್ಕಳು ಬೆಳಿಗ್ಗೆ ಒದ್ದೆ ಶೂ ಒಳಗೇ ಕಾಲು ತುರುಕಿ ಬರುತ್ತಾರೆ. ರಾತ್ರಿ ಒಲೆ ಪಕ್ಕ ಇಟ್ಟು ಬೆಳಿಗ್ಗೆ ನೋಡಿದರೆ ಅಂಟು ಬಿಟ್ಟಿರುತ್ತದೆ. ನಮ್ಮ ಶಾಲೆಯಲ್ಲಿ ಮಳೆ ಮುಗಿಯುವವರೆಗೆ ಪ್ಲಾಸ್ಟಿಕ್ ಸ್ಯಾಂಡಲ್‌ಗೆ ಬಿಟ್ಟಿದ್ದೇವೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಸಾಕ್ಸ್ ಹೇಗೂ ಸರ್ಕಾರದಿಂದ ಬರುತ್ತದೆ. ಕೊಳ್ಳಬೇಕಾದವರು ಖಾಸಗಿ ಶಾಲೆಗೆ ಕಳಿಸುವ ಮನೆಯವರು. ಅವರೂ ಬಡವರೇ.

ನನ್ನ ಕೋರಿಕೆ ಇಷ್ಟು: ಮಲೆನಾಡಿಗೆ ಕಳಿಸುವ ಮೆಸೇಜಿನಲ್ಲಿ "ಮಳೆಗೂ ಜಗ್ಗದು" ಅಂತ ಬರೆಯಬೇಡಿ. ದಾವಣಗೆರೆಯ ಮಳೆಯೇ ಬೇರೆ, ನಮ್ಮದೇ ಬೇರೆ.

ಜಾಹೀರಾತು ಗಿರಿ

ಮೇಷ್ಟ್ರೇ, ಹಾಗಾದರೆ ಎಲ್ಲದಕ್ಕೂ "ಆದರೆ" ಸೇರಿಸುತ್ತಾ ಹೋದರೆ ಮಾರುವುದು ಹೇಗೆ? ಶೂ ಮಾರಲು ಬರೆಯುತ್ತಿದ್ದೇವೆ, ಪಾಠ ಅಲ್ಲ.

ಹಾಸನದ ಅಮ್ಮ

ನನಗೆ ಮಾರಬೇಕು ಅಂದರೆ ಆ "ಆದರೆ" ಬೇಕು ಗಿರಿ ಅವರೇ. ಒಂದು ಕೊರತೆಯನ್ನು ಬಾಯಿಬಿಟ್ಟು ಹೇಳುವ ಅಂಗಡಿಯವರ ಉಳಿದ ಮಾತನ್ನು ನಾನು ನಂಬುತ್ತೇನೆ. ಬಟ್ಟೆ ಅಂಗಡಿಯಲ್ಲೂ "ಇದು ಬಣ್ಣ ಹೋಗುತ್ತೆ ಅಕ್ಕಾ, ಆ ಥಾನ್ ತಗೊಳ್ಳಿ" ಅಂದವರ ಹತ್ತಿರವೇ ಹತ್ತು ವರ್ಷದಿಂದ ಲೈನಿಂಗ್ ತರುತ್ತಿದ್ದೇನೆ.

ಬೆಣ್ಣೆನಗರಿ ಶೂ ಅಂಗಡಿ

ಎಲ್ಲರಿಗೂ ಒಂದು ವಿಷಯ ಹೇಳಬೇಕು. ಬೆಳಿಗ್ಗೆ ಎರಡೂ ಮಾಡೆಲ್ ಇನ್‌ಸೋಲ್ ಎತ್ತಿ ನೋಡಿದೆ. 549ರದ್ದಕ್ಕೆ ಒಳಗೆ ಸುತ್ತಲೂ ದಾರ ಇದೆ, ನಿಜವಾದ ಹೊಲಿಗೆ. 399ರದ್ದಕ್ಕೆ ಒಳಗೆ ಏನೂ ಇಲ್ಲ. ಹೊರಗೆ ಕಾಣುವುದು ದಾರ ಅಲ್ಲ, ಸೋಲ್ ಅಚ್ಚಿನಲ್ಲೇ ಮೂಡಿಸಿದ ಗೆರೆ. ಉಗುರಿನಿಂದ ಕೆರೆದೆ, ಎದ್ದು ಬರಲಿಲ್ಲ. ಇಷ್ಟು ವರ್ಷ ಗಿರಾಕಿಗಳಿಗೆ ಹೊಲಿಗೆ ಅಂತ ಹೇಳಿ ಕೊಟ್ಟಿದ್ದೇನೆ. ಬಹಳ ಬೇಜಾರಾಯಿತು.

ಕಟಿಂಗ್ ಟೇಬಲ್

ಬೇಜಾರು ಬೇಡ. ಅದು ಮೋಸದ ಶೂ ಅಲ್ಲದೇ ಇರಬಹುದು. ಮೇಲ್ಭಾಗವನ್ನು ಅಚ್ಚಿನಲ್ಲಿ ಕೂರಿಸಿ, ಕರಗಿದ ಪಿವಿಸಿಯನ್ನು ನೇರ ಅದರ ಮೇಲೇ ಹೊಯ್ದು ಸೋಲ್ ಮಾಡುತ್ತಾರೆ. ಚೆನ್ನಾಗಿ ಮಾಡಿದ್ದರೆ ಅದಕ್ಕೆ ಹೊಲಿಗೆಯೇ ಬೇಡ, ಆ ಗೆರೆ ಬರೀ ಅಂದಕ್ಕೆ. ಅಂಟಿಸಿದ ಸೋಲ್ ಆದರೆ ಬೇರೆ ಮಾತು. ವ್ಯತ್ಯಾಸ ಹೀಗೆ ನೋಡಿ: ಶೂ ಮುಂಭಾಗ ಬಗ್ಗಿಸಿ, ಮೇಲ್ಭಾಗ ಮತ್ತು ಸೋಲ್ ಸೇರುವ ಕಡೆ ಬೆಳಕಿಗೆ ಹಿಡಿಯಿರಿ. ಅಂಟಿಸಿದ್ದರಲ್ಲಿ ಸಣ್ಣ ಸಂದು ತೆರೆದು ಮುಚ್ಚುತ್ತದೆ, ಕೆಲವು ಸಲ ಒಣಗಿದ ಅಂಟಿನ ಹಳದಿ ಅಂಚು ಕಾಣುತ್ತದೆ. ಹೊಯ್ದದ್ದರಲ್ಲಿ ಸಂದು ಇರುವುದಿಲ್ಲ.

ಬೆಣ್ಣೆನಗರಿ ಶೂ ಅಂಗಡಿ

ನೋಡಿದೆ. ಸಂದು ಇಲ್ಲ. ಹೊಯ್ದ ಸೋಲೇ ಇರಬೇಕು. ಆದರೂ ಹೊಲಿಗೆ ಅನ್ನುವ ಮಾತು 399ರಿಂದ ತೆಗೆದೆ.

ಕೋರ್ಟ್ ರಸ್ತೆ ಅಕ್ಕ

ತೆಗೆದದ್ದು ಒಳ್ಳೆಯದು. ನಾನು ವಕೀಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಡುವುದೂ, ಸುಳ್ಳು ಗ್ಯಾರಂಟಿ ಕೊಡುವುದೂ ದಾರಿ ತಪ್ಪಿಸುವ ಜಾಹೀರಾತು ಅಂತಲೇ ಬರುತ್ತದೆ. ವಾಟ್ಸಾಪ್ ಆದರೇನು, ಗೋಡೆ ಬರಹ ಆದರೇನು. "100% ಗ್ಯಾರಂಟಿ" ಅಂದರೆ ಏನು, ಯಾವುದಕ್ಕೆ, ಎಷ್ಟು ದಿನ, ನೀವೇನು ಮಾಡಿಕೊಡುತ್ತೀರಿ? ಅದನ್ನು ಬರೆಯಲು ಆಗದಿದ್ದರೆ ಆ ಮಾತೇ ಬೇಡ.

ಬೆಣ್ಣೆನಗರಿ ಶೂ ಅಂಗಡಿ

ಮೇಡಂ, ಮೂರು ತಿಂಗಳೊಳಗೆ ಸೋಲ್ ಬಾಯಿ ಬಿಟ್ಟರೆ ಬೇರೆ ಜೊತೆ ಕೊಡಲು ನನಗೆ ಆಗುತ್ತದೆ. ಅಷ್ಟು ಲೆಕ್ಕ ಹಾಕಿದ್ದೇನೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಈಗ ಕಟಿಂಗ್ ಸರ್ ಹತ್ತಿರ ಒಂದು ಪ್ರಶ್ನೆ. ದೊಡ್ಡದು ಬೇಡ ಅಂದರೆ ಬೆಳೆಯುವ ಮಗುವಿಗೆ ಎಷ್ಟು ಜಾಗ ಬಿಡಬೇಕು? ನಾವು ಹಿಂದೆ ಬೆರಳು ಹೋಗುತ್ತಾ ನೋಡುತ್ತೇವೆ. ಅದು ಸರಿಯಾ?

ಕಟಿಂಗ್ ಟೇಬಲ್

ಹಿಂದೆ ಬೆರಳು ಹಾಕುವುದು ತೀರಾ ತಪ್ಪಲ್ಲ, ಆದರೆ ಮೋಸ ಹೋಗುವುದು ಸುಲಭ. ಕಾಲು ಮುಂದೆ ಒತ್ತು ಅಂದ ತಕ್ಷಣ ಮಕ್ಕಳು ಬೆರಳು ಮಡಚುತ್ತಾರೆ. ಹೊಸ ಶೂ ಕೈಬಿಟ್ಟು ಹೋಗುತ್ತದೆ ಅನ್ನುವ ಭಯಕ್ಕೆ "ಸರಿ ಇದೆ" ಅಂದೇ ಅನ್ನುತ್ತಾರೆ. ಮುಂದೆ ಹೆಬ್ಬೆಟ್ಟು ಒತ್ತಿ ನೋಡೋಣ ಅಂದರೆ ಶಾಲೆ ಶೂ ತುದಿ ಗಟ್ಟಿ, ಒಳಗಿನದ್ದು ತಿಳಿಯುವುದಿಲ್ಲ.

ಸರಿಯಾದ ದಾರಿ ರಟ್ಟಿನ ಪಟ್ಟಿ. ಸಂಜೆ ಹೊತ್ತು ಅಳೆಯಿರಿ, ಬೆಳಿಗ್ಗೆಗಿಂತ ಆಗ ಕಾಲು ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ. ಕೂತು ಅಳೆಯಬಾರದು, ನಿಂತಾಗಲೇ ಪಾದ ಪೂರ್ತಿ ಚಾಚುತ್ತದೆ. ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಆ ಉದ್ದಕ್ಕೆ 12 ಮಿಲಿಮೀಟರ್ ಸೇರಿಸಿ. ಶೂ ಒಳಗೆ ಅಷ್ಟು ಉದ್ದ ಇದ್ದರೆ ಸಾಕು. ಆ 12ರಲ್ಲಿ ಐದಾರು ಮಿಲಿಮೀಟರ್ ನಡೆಯುವಾಗ ಬೆರಳು ಮುಂದೆ ಸರಿಯಲು ಯಾವಾಗಲೂ ಬೇಕು. ಉಳಿದ ಆರೇಳು ಮಾತ್ರ ಬೆಳವಣಿಗೆಗೆ.

ಅಂಗಡಿಯವರು ಮಾಡಬೇಕಾದ್ದು: ಪ್ರತಿ ಸೈಜ್ ಶೂ ಒಳಗೆ ರಟ್ಟಿನ ಪಟ್ಟಿ ಹಾಕಿ, ತುದಿಯಿಂದ ಹಿಮ್ಮಡಿವರೆಗೆ ಒಳ ಉದ್ದ ಅಳೆದು ಬರೆದಿಡಿ. ಜಾಹೀರಾತಿನಲ್ಲಿ ವಯಸ್ಸು ಹಾಕಬೇಡಿ. "7ರಿಂದ 8 ವರ್ಷ" ಅನ್ನುವುದು ಯಾವ ಮಗುವಿನ ಪಾದದ ಅಳತೆಯೂ ಅಲ್ಲ.

ಬೆಣ್ಣೆನಗರಿ ಶೂ ಅಂಗಡಿ

ಅಳೆದೆ ಸರ್. 549ರದ್ದು: 12ನೇ ಸೈಜ್ ಒಳಗೆ 203 ಮಿ.ಮೀ., 13ಕ್ಕೆ 211, 1ಕ್ಕೆ 220, 2ಕ್ಕೆ 228. ಒಂದೊಂದು ಸೈಜಿಗೆ ಎಂಟೂವರೆ ಮಿಲಿಮೀಟರ್ ಹತ್ತಿರ ಏರುತ್ತದೆ.

13 ಆದ ಮೇಲೆ ಮತ್ತೆ 1 ಶುರುವಾಗುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಹೋದ ವರ್ಷ ಎಲ್‌ಕೆಜಿ ಮಗುವಿಗೆ ಅಂತ ಒಬ್ಬರು 1ನೇ ಸೈಜ್ ಆರ್ಡರ್ ಹಾಕಿದ್ದರು, ಚಿಕ್ಕ ನಂಬರ್ ಚಿಕ್ಕ ಕಾಲಿಗೆ ಅಂದುಕೊಂಡು. ಬಸ್ ಚಾರ್ಜ್ ಎರಡು ಸಲ ದಂಡ.

ಹಾಸನದ ಅಮ್ಮ

ಈಗಷ್ಟೇ ಮಗನನ್ನು ನಿಲ್ಲಿಸಿ ಅಳೆದೆ. ಬಲಗಾಲು 200 ಮಿ.ಮೀ., ಎಡಗಾಲು 198.

ಕಟಿಂಗ್ ಟೇಬಲ್

ಹಾಗಾದರೆ ನಿಮ್ಮ ಕಥೆಯ ಲೆಕ್ಕವೇ ಸಿಕ್ಕಿತು ನೋಡಿ. ಈಗ 200, ಸೇರಿಸಿ 12, ಬೇಕಾದ್ದು 212. ಅಂಗಡಿ ಸರ್ ಹೇಳಿದ ಅಳತೆಯಲ್ಲಿ 13ನೇ ಸೈಜ್. ಒಂದು ಮಿಲಿಮೀಟರ್ ಕಮ್ಮಿ, ಪರವಾಗಿಲ್ಲ.

ಕಳೆದ ಜೂನ್‌ನಲ್ಲಿ ಅವನ ಪಾದ ಸುಮಾರು 191, 192 ಇದ್ದಿರಬೇಕು. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಒಂದು ಸೈಜ್ ಬೆಳೆಯುತ್ತದೆ. ಆಗ ಬೇಕಾಗಿದ್ದದ್ದು 12ನೇ ಸೈಜ್. ನೀವು ಹಾಕಿಸಿದ್ದು 1. ಆ ಅಂಗಡಿಯ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಮುಂದೆ ಎರಡೂವರೆ ಸೆಂಟಿಮೀಟರಿಗೂ ಜಾಸ್ತಿ ಖಾಲಿ. ಈಗ, ವರ್ಷ ಕಳೆದ ಮೇಲೂ ಅವನಿಗೆ 1 ದೊಡ್ಡದೇ. ಅವನ ಕಾಲು ಆ ಶೂ ತುಂಬುವ ಮೊದಲೇ, ಏಳು ತಿಂಗಳ ಹಿಂದೆಯೇ ಶೂ ಹರಿದಿತ್ತು.

ಹಾಸನದ ಅಮ್ಮ

ಓದಿ ಹೊಟ್ಟೆ ಉರಿಯಿತು. ಉಳಿಸೋಣ ಅಂತಲೇ ಮಾಡಿದ್ದು ಅಲ್ವಾ. ಮಗ ಆಟದಲ್ಲಿ ಬೀಳುತ್ತಿದ್ದ, "ನೆಟ್ಟಗೆ ಓಡು" ಅಂತ ಬೈದಿದ್ದೆ.

ಇನ್‌ಸೋಲ್ ಎರಡು ಹಾಕಿದರೆ? ಮೊದಲು ಎರಡು, ಕಾಲು ಬೆಳೆದ ಮೇಲೆ ಒಂದು ತೆಗೆಯುವುದು. ನಮ್ಮ ಅತ್ತಿಗೆ ಹಾಗೆ ಮಾಡುತ್ತಾರೆ.

ಕಟಿಂಗ್ ಟೇಬಲ್

ಇನ್‌ಸೋಲ್ ಎತ್ತರ ತುಂಬುತ್ತದೆ, ಉದ್ದ ತುಂಬುವುದಿಲ್ಲ. ಸಣಕಲು ಪಾದದ ಮಗುವಿಗೆ ಹಿಡಿತ ಬರುತ್ತದೆ, ಅಷ್ಟಕ್ಕೆ ಸರಿ. ಬೆರಳ ಬುಡ ಮಾತ್ರ ತಪ್ಪಿದ ಜಾಗದಲ್ಲೇ ಇರುತ್ತದೆ. ಹತ್ತಿಯೂ ಅಷ್ಟೇ.

ಗದಗಿನ ಅಪ್ಪ

ನಂದೂ ಅದೇ ಆಗೇದ ಅನಸ್ತದ. ಅಗಲ ಸಾಲೂದಿಲ್ಲ ಅಂತ ಮಗಳಿಗೆ ಎರಡು ಸೈಜ್ ದೊಡ್ಡದು ತರ್ತಿದ್ದೆ. ಉದ್ದ ಆಗ್ತಿತ್ತು, ಬೊಕ್ಕಿ ಹೋಗ್ತಿರಲಿಲ್ಲ.

ಕಟಿಂಗ್ ಟೇಬಲ್

ಹೌದು ಅಣ್ಣಾ, ಹಾಗೇ ಆಗುತ್ತದೆ. ಬೊಕ್ಕೆ ಬರುವುದು ಅಗಲ ಸಾಲದ್ದಕ್ಕೆ, ಮತ್ತೆ ಉದ್ದ ಆಗಿ ಕಾಲು ಜಾರುವುದಕ್ಕೂ. ಮಗಳ ಪಾದದ ಸುತ್ತ ಪೆನ್ಸಿಲ್ ಎಳೆದು, ಆ ಕಾಗದ ಕತ್ತರಿಸಿ ಶೂ ಸೋಲ್ ಮೇಲೆ ಇಟ್ಟು ನೋಡಿ. ಕಾಗದ ಹೊರಗೆ ಚಾಚಿದರೆ ಆ ಮಾಡೆಲ್ ಅವಳಿಗಲ್ಲ, ಸೈಜ್ ಏರಿಸಿ ಪ್ರಯೋಜನ ಇಲ್ಲ. ಮುಂದೆ ದುಂಡಗಿರುವ ಶೂ ಹುಡುಕಿ.

ಬೆಣ್ಣೆನಗರಿ ಶೂ ಅಂಗಡಿ

ನನಗೆ ಈಗ ಬೇರೆಯೇ ಯೋಚನೆ ಬಂದಿದೆ. ನಮ್ಮಲ್ಲಿ ಉದ್ರಿ ಪುಸ್ತಕ ಇದೆ, ಅದರಲ್ಲಿ ಯಾರು ಯಾವಾಗ ಮತ್ತೆ ಬಂದರು ಅಂತ ಗೊತ್ತಾಗುತ್ತದೆ. 399 ತಗೊಂಡವರು ದಸರಾ ಮುಗಿದ ಮೇಲೆ, ಐದಾರು ತಿಂಗಳಿಗೆ ಬರುತ್ತಾರೆ. 549ರವರು ಹೆಚ್ಚಿನವರು ಮುಂದಿನ ಮೇವರೆಗೆ ಬರುವುದಿಲ್ಲ. ಹಾಗಾಗಿ ತಿಂಗಳ ಲೆಕ್ಕ ಬರೆಯೋಣ ಅಂದುಕೊಂಡಿದ್ದೆ. 549 ಭಾಗಿಸು 10, ತಿಂಗಳಿಗೆ 55 ರೂಪಾಯಿ. 399 ಭಾಗಿಸು 5, ತಿಂಗಳಿಗೆ 80. ಇದು ನಾಟುತ್ತದೆ ಅಲ್ವಾ?

ಜಾಹೀರಾತು ಗಿರಿ

ಇದು ನಾಟುತ್ತದೆ. ನನ್ನ ಕನಸಿನ ಸಾಲಿಗಿಂತ ಇದೇ ಮೇಲು, ಒಪ್ಪಿದೆ.

ಕಟಿಂಗ್ ಟೇಬಲ್

ಲೆಕ್ಕ ಚೆನ್ನಾಗಿದೆ. ಆದರೆ ಎಲ್ಲ ಮಕ್ಕಳಿಗೂ ಅದು ನಿಜವಲ್ಲ. ಶೂ ಹತ್ತು ತಿಂಗಳು ಬಂದರೂ ಕಾಲು ಅಷ್ಟು ಕಾಯುವುದಿಲ್ಲ.

ಎಲ್‌ಕೆಜಿ, ಯುಕೆಜಿ ಮಗುವಿನ ಪಾದ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಬೆಳವಣಿಗೆಗೆ ಬಿಟ್ಟ ಆರೇಳು ಮಿಲಿಮೀಟರ್ ಆರೇಳು ತಿಂಗಳಲ್ಲಿ ಮುಗಿಯಿತು. ಡಿಸೆಂಬರ್ ಹೊತ್ತಿಗೆ ಅಳತೆ ನೋಡಲೇಬೇಕು. ಅಂಥ ಮಗುವಿಗೆ 549ರದ್ದು ಮಾರಿ ತಿಂಗಳಿಗೆ 55 ಅಂದರೆ ಅದು ಸರಿ ಹೋಗುವುದಿಲ್ಲ. ಶೂ ಗಟ್ಟಿ ಇರುತ್ತದೆ, ಕಾಲು ಹಿಡಿಸುವುದಿಲ್ಲ. ಆ ವಯಸ್ಸಿಗೆ 399 ಸಾಕು, ಅವರು ಅಷ್ಟು ಸವೆಸುವುದೂ ಇಲ್ಲ. ಆಮೇಲೆ ಬೆಳವಣಿಗೆ ಸ್ವಲ್ಪ ನಿಧಾನ ಆಗುತ್ತದೆ, ಹಾಸನದ ಹುಡುಗನ ಹಾಗೆ. ಹೆಣ್ಣುಮಕ್ಕಳ ಪಾದ ಹೆಚ್ಚಾಗಿ 12, 13 ವರ್ಷಕ್ಕೆ ಬಹುತೇಕ ನಿಲ್ಲುತ್ತದೆ. ಗಂಡುಮಕ್ಕಳದ್ದು ಅದಕ್ಕಿಂತ ಎರಡು ವರ್ಷ ತಡ. ನಿಮ್ಮ ಗಟ್ಟಿ ಶೂ ನಿಜವಾಗಿ ದುಡ್ಡು ಉಳಿಸುವುದು 8ನೇ ಕ್ಲಾಸು ದಾಟಿದ ಹುಡುಗಿಯರಿಗೆ, 9, 10ನೇ ಕ್ಲಾಸಿನ ಹುಡುಗರಿಗೆ. ಆ ಹುಡುಗರು ಸೈಕಲ್ ಬ್ರೇಕ್ ಬದಲು ಶೂ ತುದಿ ಒತ್ತುತ್ತಾರೆ, ಅದು ಬೇರೆ ಕಥೆ.

ಹಾಸನದ ಅಮ್ಮ

ಹಾಗಾದರೆ ನನ್ನ ಮಗನಿಗೆ ಯಾವುದು? 13ನೇ ಸೈಜ್ 549 ತಗೊಂಡರೆ ಎಷ್ಟು ದಿನ?

ಕಟಿಂಗ್ ಟೇಬಲ್

ಮುಂದೆ 11 ಮಿ.ಮೀ. ಜಾಗ. ವರ್ಷಕ್ಕೆ ಎಂಟು ಒಂಬತ್ತು ಬೆಳೆಯುವ ಹುಡುಗ. ಜನವರಿವರೆಗೆ ಆರಾಮ. ಫೆಬ್ರವರಿ, ಮಾರ್ಚ್‌ನಲ್ಲಿ ಮೂರು ನಾಲ್ಕು ಮಿಲಿಮೀಟರ್ ಉಳಿಯುತ್ತದೆ, ಬಿಗಿ ಆಗುತ್ತದೆ. ನನ್ನ ಮಗ ಆಗಿದ್ದರೆ ಜೂನ್‌ಗೆ 399ರ 13ನೇ ಸೈಜ್, ದಸರಾ ಆದ ಮೇಲೆ ಅಳೆದು 1ನೇ ಸೈಜ್ ಕೊಡಿಸುತ್ತಿದ್ದೆ. 399ರದ್ದರ ಒಳ ಉದ್ದ ಬೇರೆ ಇರಬಹುದು, ಅಂಗಡಿ ಸರ್ ಅದನ್ನೂ ಅಳೆದು ಹೇಳಲಿ.

ಹಾಸನದ ಅಮ್ಮ

ಎರಡು ಸಲ 399 ಅಂದರೆ 798. ಒಂದು ಸಲ 549. ನನ್ನ ಮನೆಯಲ್ಲಿ ಆ 249 ರೂಪಾಯಿ ದೊಡ್ಡದು ಸರ್. ಮಾರ್ಚ್‌ನಲ್ಲಿ ಪರೀಕ್ಷೆ ದಿನ ಮಾತ್ರ ಹಾಕಿಕೊಂಡು ಹೋಗುತ್ತಾನೆ.

ಕಟಿಂಗ್ ಟೇಬಲ್

ಕಾಲಿನ ದೃಷ್ಟಿಯಿಂದ ನನಗೆ ಒಪ್ಪಿಗೆ ಇಲ್ಲ. ಬೆರಳು ಒತ್ತುವ ಶೂ ಎರಡು ತಿಂಗಳೂ ಬೇಡ. ಆದರೆ ನಿಮ್ಮ ಮನೆಯ ಲೆಕ್ಕ ನಿಮಗೇ ಗೊತ್ತು.

ಆಗುಂಬೆ ಕಡೆ ಮೇಷ್ಟ್ರು

ಅಣ್ಣನ ಶೂ ತಮ್ಮನಿಗೆ ಹಾಕಿಸಬಹುದಾ? ಕ್ಲಾಸಿನಲ್ಲಿ ಅರ್ಧ ಮಕ್ಕಳು ಹಾಗೇ ಬರುತ್ತಾರೆ. ಅದನ್ನೂ ಬರೆದರೆ ಅಪ್ಪ ಅಮ್ಮ ಖುಷಿಯಾಗಿ ತಗೊಳ್ಳುತ್ತಾರೆ, "ತಮ್ಮನಿಗೂ ಬರುತ್ತದೆ" ಅಂತ.

ಕಟಿಂಗ್ ಟೇಬಲ್

ಹಿಮ್ಮಡಿ ಒಂದು ಕಡೆಗೆ ಸವೆದಿದ್ದರೆ ಬೇಡ. ತಮ್ಮ ಅಣ್ಣನ ನಡಿಗೆಯನ್ನೇ ನಡೆಯಬೇಕಾಗುತ್ತದೆ. ಸಮ ಇದ್ದರೆ, ಒಳಗಿನ ಇನ್‌ಸೋಲ್ ಹೊಸದು ಹಾಕಿ ಕೊಡಬಹುದು ಅಂತ ನನ್ನ ಅನಿಸಿಕೆ. ಕಾಲಿನ ಡಾಕ್ಟರರು ಒಪ್ಪದೇ ಇರಬಹುದು. ಜಾಹೀರಾತಿನಲ್ಲಿ ಬೇಡ.

ಬೆಣ್ಣೆನಗರಿ ಶೂ ಅಂಗಡಿ

ರಾತ್ರಿ ಕೂತು ಮತ್ತೆ ಬರೆದೆ. 399ರದ್ದನ್ನೂ ಅಳೆದೆ, 12ರಿಂದ 2ರವರೆಗೆ ಅದೇ ಒಳ ಉದ್ದ ಇದೆ. ಎರಡು ಮಾಡೆಲಿಗೆ ಬೇರೆ ಬೇರೆ ಮೆಸೇಜ್.

399ಕ್ಕೆ:
"ಎಲ್‌ಕೆಜಿಯಿಂದ 4ನೇ ಕ್ಲಾಸಿನವರೆಗೆ. ಈ ವಯಸ್ಸಿನ ಕಾಲು ಶೂಗಿಂತ ಬೇಗ ಬೆಳೆಯುತ್ತದೆ. ಅದಕ್ಕೇ ಜಾಸ್ತಿ ದುಡ್ಡು ಹಾಕಬೇಡಿ. ಸೋಲ್ ಅಂಟಿಸಿದ್ದಲ್ಲ, ಹೊಯ್ದದ್ದು. ದಸರಾ ಆದ ಮೇಲೆ ಮಗುವಿನ ಕಾಲು ಮತ್ತೆ ಅಳೆಯಿರಿ."

549ಕ್ಕೆ:
"ಕಾಲು ಬೆಳೆಯುವುದು ನಿಧಾನ ಆದ ಮಕ್ಕಳಿಗೆ. ಜೂನ್‌ನಿಂದ ಮಾರ್ಚ್, ತಿಂಗಳಿಗೆ 55 ರೂಪಾಯಿ. ಸೋಲ್ ಸುತ್ತ ನಿಜವಾದ ಹೊಲಿಗೆ, ಇನ್‌ಸೋಲ್ ಎತ್ತಿ ನೀವೇ ನೋಡಿ. ಮೂರು ತಿಂಗಳೊಳಗೆ ಬಾಯಿ ಬಿಟ್ಟರೆ ಬಿಲ್ ತನ್ನಿ, ಬೇರೆ ಜೊತೆ ಕೊಡುತ್ತೇವೆ. ದಿನವಿಡೀ ಒದ್ದೆ ಆದರೆ ಯಾವ ಶೂ ಕೂಡ ಬಾಳುವುದಿಲ್ಲ. ರಾತ್ರಿ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಒಲೆ ಪಕ್ಕ ಬೇಡ."

ಎರಡಕ್ಕೂ ಕೆಳಗೆ:
"ಕಾಲಿಗಿಂತ ದೊಡ್ಡ ಸೈಜ್ ಹಾಕಿದರೆ ಶೂ ಬೇಗ ಹರಿಯುತ್ತದೆ. ವಯಸ್ಸು ಹೇಳಬೇಡಿ, ಪಾದದ ಉದ್ದ ಮಿಲಿಮೀಟರಿನಲ್ಲಿ ಕಳಿಸಿ. ಸೈಜ್ ನಾವು ಹೇಳುತ್ತೇವೆ. ಹಾಕಿ ನೋಡಿ ಆಗದಿದ್ದರೆ, ಹೊರಗೆ ನಡೆದಿಲ್ಲದಿದ್ದರೆ, ಬದಲಿಸಿ ಕೊಡುತ್ತೇವೆ."

ಜಾಹೀರಾತು ಗಿರಿ

"ಅದಕ್ಕೇ ಜಾಸ್ತಿ ದುಡ್ಡು ಹಾಕಬೇಡಿ" ಅನ್ನುವ ಸಾಲನ್ನು ಯಾವ ಏಜೆನ್ಸಿಯೂ ಬರೆಯುವುದಿಲ್ಲ. ಅದನ್ನು ತೆಗೆಯಬೇಡಿ ಸರ್. ಮೊದಲ ಸಾಲಿಗೆ ತನ್ನಿ. ವಾಟ್ಸಾಪಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಸಾಲೇ.

ಅಳತೆಗೆ ಸ್ಕೇಲ್ ಚಿತ್ರ ಹಾಕೋಣ ಅಂತಿದ್ದರೆ ಬೇಡ. ಒಂದೊಂದು ಫೋನಿನಲ್ಲಿ ಒಂದೊಂದು ಗಾತ್ರ ಕಾಣುತ್ತದೆ, ಅದರ ಮೇಲೆ ಕಾಲಿಟ್ಟು ಅಳೆದವರು ಇದ್ದಾರೆ.

ಹಾಸನದ ಅಮ್ಮ

ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ 15 ಸೆಂಟಿಮೀಟರ್ ಮಾತ್ರ. ಎರಡು ಸಲ ಇಟ್ಟು ಅಳೆಯುವಾಗ ತಪ್ಪಾಗುತ್ತದೆ. ಟೇಪ್ ಇಲ್ಲದ ಮನೆಯವರಿಗೆ ಏನು ಹೇಳುತ್ತೀರಿ?

ಕಟಿಂಗ್ ಟೇಬಲ್

ಜೆರಾಕ್ಸ್ ಅಂಗಡಿಯ ಎ4 ಹಾಳೆ 297 ಮಿ.ಮೀ. ಉದ್ದ, 210 ಅಗಲ ಇರುತ್ತದೆ. ಅದರ ಮೇಲೆ ಉದ್ದಕ್ಕೆ ನಿಲ್ಲಿಸಿ, ಹಿಮ್ಮಡಿ ಅಂಚಿಗೆ ಸರಿಯಾಗಿ. ಬೆರಳ ಗುರುತಿನಿಂದ ಹಾಳೆಯ ಆ ತುದಿಯವರೆಗೆ ಉಳಿದದ್ದನ್ನು ಸಣ್ಣ ಸ್ಕೇಲಿನಲ್ಲಿ ಅಳೆದು 297ರಲ್ಲಿ ಕಳೆಯಿರಿ. ನಿಮ್ಮ ಮಗನಿಗೆ 97 ಉಳಿಯಬೇಕು.

ಹಾಸನದ ಅಮ್ಮ

97 ಉಳಿಯಿತು. ಮಗಳದ್ದನ್ನೂ ಅಳೆದೆ, 176. ಯುಕೆಜಿಗೆ ಹೋಗುತ್ತಾಳೆ. ಅಂಗಡಿ ಸರ್, ಅವಳಿಗೆ 399ರದ್ದು ಕಳಿಸಿ. 188 ಒಳ ಉದ್ದ ಇರುವುದು ಯಾವ ಸೈಜ್ ಅಂತ ನೋಡಿ ಹೇಳಿ. ಮಗನದ್ದು ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಬೆಣ್ಣೆನಗರಿ ಶೂ ಅಂಗಡಿ

10 ಮತ್ತು 11ರ ಒಳಗೆ ಪಟ್ಟಿ ಹಾಕಿ ಅಳೆದು ಬೆಳಿಗ್ಗೆ ಹೇಳುತ್ತೇನೆ ಅಕ್ಕಾ. ಗದಗಿನ ಸರ್, ನಿಮ್ಮ ಮಗಳ ಪಾದದ ಕಾಗದ ಕತ್ತರಿಸಿ ಪೋಸ್ಟಿನಲ್ಲಿ ಕಳಿಸಿ. ಎರಡೂ ಮಾಡೆಲ್ ಮೇಲೆ ಇಟ್ಟು ನೋಡುತ್ತೇನೆ. ಆಗದಿದ್ದರೆ ಆಗುವುದಿಲ್ಲ ಅಂತಲೇ ಹೇಳುತ್ತೇನೆ.